ಅರ್ಜಿಯ ಕೆಳಗಿನ ‘ಪ್ರತಿ’ಗಳು

ಸರ್ಕಾರಿ ಕಚೇರಿಗೆ ಅರ್ಜಿ ಬರೆಯುವುದಕ್ಕೆ ನಮ್ಮಲ್ಲಿ ಒಂದು ರೂಢಿಯಿದೆ. ‘ಇವರಿಗೆ’, ‘ಇವರಿಂದ’, ‘ಮಾನ್ಯರೇ’, ‘ವಿಷಯ’, ಆಮೇಲೆ ದೂರು, ಕೊನೆಗೆ ‘ತಮ್ಮ ವಿಶ್ವಾಸಿ’ ಎಂದು ಸಹಿ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ, ಸಹಿಯ ಕೆಳಗೆ ಎಡಗಡೆ ‘ಪ್ರತಿ’ ಅಂತ ಬರೆದು ಒಂದು, ಎರಡು, ಮೂರು ಎಂದು ಹೆಸರುಗಳು ಶುರುವಾಗುತ್ತವೆ. ಮಾನನಷ್ಟದ ನೋಟಿಸು ಹಿಡಿದುಕೊಂಡು ಯಾರಾದರೂ ನನ್ನ ಕಚೇರಿಗೆ ಬಂದರೆ, ಅವರು ಬರೆದ ಅರ್ಜಿಯನ್ನು ನಾನು ಓದುವುದು ಕೆಳಗಿನಿಂದ ಮೇಲಕ್ಕೆ. ಬಂದವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ಅವರ ಪಾಲಿಗೆ ಮುಖ್ಯವಾದದ್ದು ತಾವು ಬರೆದ ಸಂಗತಿ, ನನಗೆ ಮೊದಲು ಬೇಕಾದದ್ದು ಅದು ಯಾರ ಯಾರ ಕೈಗೆ ಹೋಯಿತು ಎನ್ನುವುದು.

ಒಂದು ಕಥೆ ಕಟ್ಟಿಕೊಳ್ಳೋಣ. ಬ್ಯಾಡಗಿ ಸೀಮೆಯ ಒಂದು ಊರು. ಮೆಣಸಿನಕಾಯಿಯ ನಾಡು, ಹಾಗಾಗಿ ಖಾರದಪುಡಿ ಗಿರಣಿಗಳಿಗೆ ಬರವಿಲ್ಲ. ಅಂಥದ್ದೊಂದು ಗಿರಣಿ ಮನೆಗಳ ಓಣಿಯಲ್ಲಿ ಹೊಸದಾಗಿ ಶುರುವಾಯಿತು. ಗೋಡೆಗೆ ಗೋಡೆ ತಾಗಿ ಒಬ್ಬ ಡಾಕ್ಟರ ದವಾಖಾನೆ. ಯಂತ್ರ ತಿರುಗಿತೆಂದರೆ ಘಾಟು ಕಿಟಕಿಯಿಂದ ನುಗ್ಗುತ್ತದೆ, ಪಾಳಿಗೆ ಕೂತ ರೋಗಿಗಳೆಲ್ಲ ಒಟ್ಟಿಗೆ ಕೆಮ್ಮುತ್ತಾರೆ, ಸ್ಟೆತಸ್ಕೋಪಿನಲ್ಲಿ ಎದೆಬಡಿತಕ್ಕಿಂತ ಮೋಟಾರಿನ ಗುಡುಗೇ ಜೋರು. ಬಾಯಿಮಾತಿನಲ್ಲಿ ಹೇಳಿ ಸಾಕಾದ ಡಾಕ್ಟರು ಪುರಸಭೆಯ ಮುಖ್ಯಾಧಿಕಾರಿಗೆ ಅರ್ಜಿ ಬರೆದರು. ಅದರಲ್ಲಿ ಮೂರು ಮಾತು. ಈ ಗಿರಣಿಗೆ ಉದ್ದಿಮೆ ಪರವಾನಗಿ ಇಲ್ಲ. ರಾತ್ರಿ 10 ದಾಟಿದರೂ ಓಡುತ್ತದೆ, ಯಜಮಾನರಿಗೆ ನೆರೆಯವರ ಮೇಲೆ ಎಳ್ಳಷ್ಟೂ ಕರುಣೆಯಿಲ್ಲ. ಮಾರುವ ಪುಡಿಗೆ ಇಟ್ಟಿಗೆಪುಡಿ ಬೆರೆಸುತ್ತಾರೆ. ಕೆಳಗೆ ‘ಪ್ರತಿ’: ಆಹಾರ ಸುರಕ್ಷತಾ ಅಧಿಕಾರಿ, ಕ್ಷೇತ್ರದ ಶಾಸಕರು, ಊರಿನ ವಾರಪತ್ರಿಕೆಯ ಸಂಪಾದಕರು. ಪಟ್ಟಿಯಲ್ಲಿ ಕಾಣಿಸದ ಇನ್ನೊಂದು ಪ್ರತಿಯೂ ಇತ್ತು. ಗಿರಣಿ ಯಜಮಾನರ ಮಗಳಿಗೆ ಗಂಡು ಗೊತ್ತಾಗಿತ್ತು. ಆ ಗಂಡಿನ ತಂದೆ ಡಾಕ್ಟರಿಗೆ ಪರಿಚಯದವರು. ಅವರಿಗೊಂದು ಜೆರಾಕ್ಸ್ ಹೋಯಿತು.

ಹದಿನೈದು ದಿನಕ್ಕೆ ವಕೀಲರ ನೋಟಿಸು ಬಂತು. ಡಾಕ್ಟರು ಅದನ್ನು ಮೇಜಿನ ಮೇಲಿಟ್ಟು ಹೇಳುವ ಮಾತು ನನಗೆ ಬಾಯಿಪಾಠ.

“ವಕೀಲ್ರ, ನಾ ಬರದದ್ದೆಲ್ಲಾ ಖರೇನೇ ಐತ್ರಿ. ಊರಿನ ಒಳ್ಳೇದಕ್ಕ ಬರದೀನಿ. ಅರ್ಜಿ ಕೊಡೋ ಹಕ್ಕು ನನಗಿಲ್ಲೇನ್ರಿ?”

ಈ ಒಂದೇ ಉಸಿರಿನಲ್ಲಿ ಮೂರು ಬೇರೆ ಬೇರೆ ರಕ್ಷಣೆಗಳು ಕಲಸಿಹೋಗಿವೆ. ಖರೇ ಅನ್ನುವುದು ಒಂದು, ಅದು ಸಮರ್ಥನೆ. ಊರಿನ ಒಳ್ಳೆಯದಕ್ಕೆ ಆಡಿದ ಅಭಿಪ್ರಾಯ ಅನ್ನುವುದು ಇನ್ನೊಂದು, ಅದು ನ್ಯಾಯಯುತ ಟೀಕೆ. ಅರ್ಜಿ ಕೊಡುವ ಹಕ್ಕು ಅನ್ನುವುದು ಮೂರನೆಯದು, ವಿಶೇಷಾಧಿಕಾರ. ಕೋರ್ಟಿನ ವರಾಂಡದಲ್ಲಿ ಇವನ್ನೇ ಜಸ್ಟಿಫಿಕೇಷನ್, ಫೇರ್ ಕಾಮೆಂಟ್, ಪ್ರಿವಿಲೇಜ್ ಅನ್ನುತ್ತೇವೆ. ಜವಾಬು ಬರೆಯುವಾಗ ಮೂರನ್ನೂ ಒಂದೇ ಪ್ಯಾರಾದಲ್ಲಿ ತುರುಕಿದರೆ ಒಂದೂ ನಿಲ್ಲುವುದಿಲ್ಲ. ಸಮರ್ಥನೆ ಕೇಳುವುದು ಮಾತು ನಿಜವೇ ಎಂದು. ಟೀಕೆಯ ರಕ್ಷಣೆ ಕೇಳುವುದು ಅದು ಸಂಗತಿಯೋ ಅಭಿಪ್ರಾಯವೋ ಎಂದು. ವಿಶೇಷಾಧಿಕಾರಕ್ಕೆ ಮಾತಿನ ನಿಜ ಸುಳ್ಳಿಗಿಂತ ಅದನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರು ಎನ್ನುವುದೇ ಮುಖ್ಯ.

ಮೊದಲು ಪರವಾನಗಿಯ ಮಾತು. ಇದು ಶುದ್ಧ ಸಂಗತಿ. ಪುರಸಭೆಯ ದಾಖಲೆಯಲ್ಲಿ ಪರವಾನಗಿ ಇದೆ ಅಥವಾ ಇಲ್ಲ. ಮಾನನಷ್ಟದ ದಾವೆಯಲ್ಲಿ ವಾದಿಯು ತನ್ನ ಮೇಲಿನ ಮಾತು ಸುಳ್ಳೆಂದು ಸಾಬೀತು ಮಾಡಬೇಕಾಗಿಲ್ಲ. ಕೋರ್ಟು ಅದನ್ನು ಸುಳ್ಳೆಂದೇ ಹಿಡಿದು ಹೊರಡುತ್ತದೆ, ನಿಜವೆಂದು ತೋರಿಸುವ ಹೊರೆ ಆಡಿದವನದು. ಮಾಹಿತಿ ಹಕ್ಕಿನಡಿ ಒಂದು ದೃಢೀಕೃತ ನಕಲು ತಂದರೆ ಡಾಕ್ಟರು ಈ ಮಾತಿನಲ್ಲಿ ಗೆದ್ದಂತೆ. ಹಿಂದೆ ಪರವಾನಗಿ ಇತ್ತು, ಮಾರ್ಚಿಗೆ ಮುಗಿದಿದೆ, ನವೀಕರಣವಾಗಿಲ್ಲ ಎಂದಿದ್ದರೂ ಅಡ್ಡಿಯಿಲ್ಲ. ಮಾತಿನ ತಿರುಳು ನಿಜವಾದರೆ ಸಾಕು. 1865ರ ಒಂದು ಇಂಗ್ಲಿಷ್ ಮೊಕದ್ದಮೆಯಲ್ಲಿ ರೈಲ್ವೆ ಕಂಪನಿಯೊಂದು ಸರಿಯಾದ ಟಿಕೆಟಿಲ್ಲದೆ ಹೋದ ಅಲೆಕ್ಸಾಂಡರ್ ಎಂಬಾತನ ಬಗ್ಗೆ ನೋಟಿಸು ಅಂಟಿಸಿತು. ದಂಡ ಕಟ್ಟದಿದ್ದರೆ ಮೂರು ವಾರ ಸೆರೆ ಎಂದು ಅದರಲ್ಲಿತ್ತು, ನಿಜವಾದ ಶಿಕ್ಷೆಯಲ್ಲಿದ್ದದ್ದು ಹದಿನಾಲ್ಕು ದಿನ. ಒಂದು ವಾರದ ಈ ವ್ಯತ್ಯಾಸದಿಂದ ಸಮರ್ಥನೆ ಬಿದ್ದುಹೋಗಲಿಲ್ಲ.

ಇಟ್ಟಿಗೆಪುಡಿಯ ಮಾತು ಹಾಗಲ್ಲ. ಕಲಬೆರಕೆ ಮಾಡುತ್ತಾರೆ ಎಂದರೆ ಒಬ್ಬ ವ್ಯಾಪಾರಿಗೆ ಅದಕ್ಕಿಂತ ದೊಡ್ಡ ಆರೋಪವಿಲ್ಲ. ಏನು ಆಧಾರ ಎಂದು ಕೇಳಿದರೆ ಡಾಕ್ಟರು ಹೇಳುತ್ತಾರೆ: ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿದೆ, ತಳಕ್ಕೆ ಕೂತದ್ದನ್ನು ಬೆರಳಿನಲ್ಲಿ ತಿಕ್ಕಿದೆ, ತರಿತರಿಯಾಗಿ ಹತ್ತಿತು. ಮನೆಯಲ್ಲಿ ಅನುಮಾನ ಪಡಲು ಇದು ಒಳ್ಳೆಯ ಪರೀಕ್ಷೆಯೇ. ಆದರೆ ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳುವ ಪ್ರಶ್ನೆಗಳನ್ನು ಯೋಚಿಸಿ. ಆ ಪುಡಿ ಯಾವಾಗ ಕೊಂಡಿರಿ? ರಸೀದಿ ಇದೆಯೇ? ಅದು ಗಿರಣಿಯವರು ಮಾರಿದ ಪುಡಿಯೋ, ಗಿರಾಕಿ ತಾನೇ ಮೆಣಸಿನಕಾಯಿ ತಂದು ಬೀಸಿಸಿಕೊಂಡು ಹೋದದ್ದೋ? ಅಂಗಳದಲ್ಲಿ ಒಣಗಿದ ಕಾಯಿಗೆ ಮಣ್ಣು ಹತ್ತಿದ್ದರೂ ತರಿ ಬರುವುದಿಲ್ಲವೇ? ಆಹಾರ ಸುರಕ್ಷತಾ ಅಧಿಕಾರಿ ನಿಯಮದಂತೆ ಮಾದರಿ ತೆಗೆದು, ಮೊಹರು ಹಾಕಿ, ಆಹಾರ ವಿಶ್ಲೇಷಕರಿಗೆ ಕಳಿಸಿ ಬಂದ ವರದಿ ಇದ್ದರೆ ಮಾತು ನಿಲ್ಲುತ್ತದೆ. ಲೋಟದ ನೀರಿನ ಮೇಲೆ ನಿಲ್ಲುವುದು ಕಷ್ಟ.

“ಅದನ್ನ ನಾ ಒಬ್ಬನ ಹೇಳಿಲ್ರಿ, ಊರೆಲ್ಲಾ ಹೇಳ್ತಾರ” ಎನ್ನುವುದು ಮುಂದಿನ ಮಾತು. ಇದು ಎಲ್ಲ ಕಕ್ಷಿದಾರರೂ ನಂಬಿಕೊಂಡು ಬರುವ ಕೋಟೆ, ಒಳಗೆ ಹೋಗಿ ನೋಡಿದರೆ ಗೋಡೆಯೇ ಇಲ್ಲ. ಊರವರ ಮಾತನ್ನು ಮತ್ತೆ ಆಡಿದವನು ಆ ಮಾತನ್ನು ತಾನೇ ಆಡಿದಂತೆ. ಊರವರು ಹಾಗೆ ಹೇಳುತ್ತಿದ್ದರು ಎಂದು ಸಾಬೀತು ಮಾಡಿದರೆ ಏನೂ ಸಿಗುವುದಿಲ್ಲ, ಕಲಬೆರಕೆ ನಡೆದಿತ್ತು ಎಂದೇ ತೋರಿಸಬೇಕು. 1985ರಲ್ಲಿ ವರದಿಯಾದ ಬಾಂಬೆ ಹೈಕೋರ್ಟಿನ ರಾಧೇಶ್ಯಾಂ ತಿವಾರಿ ಮೊಕದ್ದಮೆಯಲ್ಲಿ ಪತ್ರಿಕೆಯ ಸಂಪಾದಕರೊಬ್ಬರು ಬ್ಲಾಕ್ ಡೆವಲಪ್‌ಮೆಂಟ್ ಅಧಿಕಾರಿಯೊಬ್ಬರು ಲಂಚ ತಿಂದರು, ಸುಳ್ಳು ಪ್ರಮಾಣಪತ್ರ ಕೊಟ್ಟರು ಎಂದು ಸಾಲು ಸಾಲು ಲೇಖನ ಬರೆದಿದ್ದರು. ನಿಜವೆಂದು ತೋರಿಸಲಾಗಲಿಲ್ಲ, ಬೇರೆ ರಕ್ಷಣೆಗಳೂ ಕೈಹಿಡಿಯಲಿಲ್ಲ, ಪರಿಹಾರ ತೆರಬೇಕಾಯಿತು.

ಇನ್ನೂ ಒಂದು ಎಚ್ಚರಿಕೆಯನ್ನು ನಾನು ಪ್ರತಿಸಲ ಹೇಳುತ್ತೇನೆ. ಪರವಾನಗಿ ಇಲ್ಲವೆಂಬುದು ನಿಜವಾಯಿತು, ಕಲಬೆರಕೆ ನಿಜವಾಗಲಿಲ್ಲ ಎಂದರೆ ಅರ್ಧ ಗೆದ್ದೆ ಎಂದು ಸಮಾಧಾನಪಡಬಾರದು. ಇಂಗ್ಲೆಂಡಿನಲ್ಲಿ 1952ರ ಕಾಯಿದೆಯು, ಉಳಿದ ನಿಜಗಳ ಎದುರಿಗೆ ಸಾಬೀತಾಗದ ಆರೋಪದಿಂದ ಹೆಚ್ಚಿನ ಹಾನಿಯಾಗದಿದ್ದರೆ ರಕ್ಷಣೆ ಉಳಿಯುವಂತೆ ದಾರಿ ಮಾಡಿತು. ನಮ್ಮ ಸಿವಿಲ್ ಮಾನನಷ್ಟಕ್ಕೆ ಅಂಥ ಶಾಸನವೇ ಇಲ್ಲ, ಹಳೆಯ ತೀರ್ಪುಗಳ ಮೇಲೆ ನಡೆಯುತ್ತದೆ. ಇಲ್ಲಿ ಹೇಗೂ ದೊಡ್ಡ ಗಾಯ ಮಾಡುವ ಮಾತು ಇಟ್ಟಿಗೆಪುಡಿಯದೇ. ಅದನ್ನು ಸಾಬೀತು ಮಾಡುತ್ತೇನೆಂದು ಜವಾಬಿನಲ್ಲಿ ಬರೆದು ಸೋತರೆ ಕೋರ್ಟಿನಲ್ಲೂ ಅದೇ ಆರೋಪವನ್ನು ಮತ್ತೆ ಮಾಡಿದಂತಾಗಿ ಪರಿಹಾರದ ಮೊತ್ತ ಏರಬಹುದು. ಆದ್ದರಿಂದ ವರದಿ ಕೈಯಲ್ಲಿಲ್ಲದೆ ಸಮರ್ಥನೆಯನ್ನು ಎತ್ತಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕರುಣೆಯಿಲ್ಲ ಎನ್ನುವ ಮಾತಿಗೆ ಬರೋಣ. ಕರುಣೆಗೆ ಪುರಸಭೆಯಲ್ಲಿ ದಾಖಲೆಯಿಲ್ಲ, ಅದನ್ನು ನಿಜ ಸುಳ್ಳು ಎಂದು ಅಳೆಯಲಾಗದು. ಅದು ಅಭಿಪ್ರಾಯ. ವಾರಪತ್ರಿಕೆಯಲ್ಲಿ ಡಾಕ್ಟರು ‘ಗಿರಣಿ ರಾತ್ರಿ 10ರ ಮೇಲೂ ಓಡುತ್ತದೆ, ದವಾಖಾನೆಯಲ್ಲಿ ಅಸ್ತಮಾದವರು ಕೂತಿರುವಾಗಲೂ ನಿಲ್ಲಿಸುವುದಿಲ್ಲ, ಇದು ಕರುಣೆಯಿಲ್ಲದ ವ್ಯವಹಾರ’ ಎಂದು ಬರೆದರೆ ಓದುಗನ ಮುಂದೆ ಸಂಗತಿಯೂ ಇದೆ, ಅದರ ಮೇಲಿನ ತೀರ್ಮಾನವೂ ಇದೆ. ಓದುಗ ಬೇಕಾದರೆ ಡಾಕ್ಟರ ತೀರ್ಮಾನವನ್ನು ತಳ್ಳಿಹಾಕಬಹುದು. ನ್ಯಾಯಯುತ ಟೀಕೆಗೆ ಬೇಕಾದದ್ದು ಇದೇ: ಆಧಾರದ ಸಂಗತಿ ನಿಜವಾಗಿರಬೇಕು, ವಿಷಯ ಸಾರ್ವಜನಿಕ ಹಿತದ್ದಾಗಿರಬೇಕು, ಒಬ್ಬ ಪ್ರಾಮಾಣಿಕ ಮನುಷ್ಯ ಅಂಥ ಅಭಿಪ್ರಾಯ ತಳೆಯಲು ಸಾಧ್ಯವಿರಬೇಕು. ಆ ಮನುಷ್ಯ ಹಠಮಾರಿಯಾಗಿರಲಿ, ಮಾತು ಖಾರವಾಗಿರಲಿ, ನ್ಯಾಯಾಧೀಶರಿಗೆ ಆ ಅಭಿಪ್ರಾಯ ಒಪ್ಪಿಗೆಯಾಗದಿರಲಿ, ಚಿಂತೆಯಿಲ್ಲ.

ಗೆರೆ ಎಲ್ಲಿದೆ ಎನ್ನುವುದು ಕಲೆಯ ವಿಮರ್ಶೆಯಲ್ಲಿ ಇನ್ನೂ ಸ್ಪಷ್ಟ. ಯಕ್ಷಗಾನದ ಆಟ ನೋಡಿ ಬಂದವನು ‘ಭಾಗವತರ ಕಂಠ ಬಿದ್ದಿದೆ, ಪದ್ಯಗಳು ಜೀವ ಹಿಡಿಯಲಿಲ್ಲ’ ಎಂದು ಬರೆದರೆ ಭಾಗವತರಿಗೆ ನೋವಾಗುತ್ತದೆ, ದಾವೆ ಆಗುವುದಿಲ್ಲ. ‘ಭಾಗವತರು ಕುಡಿದು ಬಂದಿದ್ದರಿಂದ ಪದ್ಯಗಳು ಜೀವ ಹಿಡಿಯಲಿಲ್ಲ’ ಎಂದರೆ ಅದು ಟೀಕೆಯ ವೇಷ ತೊಟ್ಟ ಸಂಗತಿ, ಕುಡಿದಿದ್ದರೆಂದು ಸಾಬೀತು ಮಾಡಬೇಕು. ‘ನನ್ನ ಅಭಿಪ್ರಾಯದಲ್ಲಿ’ ಎಂದು ಮುಂದೆ ಸೇರಿಸಿದರೂ ವ್ಯತ್ಯಾಸವಾಗದು. 1887ರ ಮೆರಿವೇಲ್ ವಿರುದ್ಧ ಕಾರ್ಸನ್ ಮೊಕದ್ದಮೆಯಲ್ಲಿ ವಿಮರ್ಶಕನೊಬ್ಬ ಒಂದು ನಾಟಕದಲ್ಲಿ ವ್ಯಭಿಚಾರದ ಕಥೆಯಿದೆ ಎಂಬರ್ಥ ಬರುವಂತೆ ಬರೆದ. ನಾಟಕದಲ್ಲಿ ಅದು ಇರಲೇ ಇಲ್ಲ. ಇಲ್ಲದ್ದರ ಮೇಲೆ ಟೀಕೆ ಮಾಡಲು ಬರುವುದಿಲ್ಲ ಎಂದು ಆತ ಸೋತ. ನಮ್ಮ ಡಾಕ್ಟರೂ ‘ಪುರಸಭೆಯವರ ಕೈ ಬೆಚ್ಚಗೆ ಮಾಡಿರಬೇಕು’ ಎಂದು ಒಂದು ಸಾಲು ಸೇರಿಸಿದ್ದರೆ ಅದು ಕರುಣೆಯ ಪಕ್ಕದಲ್ಲಿ ಕೂರುವ ಮಾತಲ್ಲ, ಇಟ್ಟಿಗೆಪುಡಿಯ ಪಕ್ಕಕ್ಕೆ ಹೋಗುವ ಮಾತು.

ಈಗ ‘ಪ್ರತಿ’ಗಳ ಪಟ್ಟಿ. ಇಟ್ಟಿಗೆಪುಡಿಯ ಆರೋಪ ಸಾಬೀತಾಗಲಿಲ್ಲ ಎಂದೇ ಇಟ್ಟುಕೊಳ್ಳಿ. ಒಂದೇ ಕಾಗದ, ಒಂದೇ ಮಾತು. ಮುಖ್ಯಾಧಿಕಾರಿಗೆ ಮತ್ತು ಆಹಾರ ಸುರಕ್ಷತಾ ಅಧಿಕಾರಿಗೆ ಹೋದ ಪ್ರತಿಗಳಿಗೆ ವಿಶೇಷಾಧಿಕಾರವಿದೆ. ಹೇಳಬೇಕಾದ ಕರ್ತವ್ಯ ಅಥವಾ ಹಿತ ಹೇಳಿದವನಿಗೆ ಇದೆ, ಕೇಳಿ ಕ್ರಮ ಕೈಗೊಳ್ಳುವ ಕರ್ತವ್ಯ ಕೇಳಿದವನಿಗೆ ಇದೆ. ಎರಡೂ ತುದಿ ಕೂಡಿದಲ್ಲಿ, ಮಾತು ತಪ್ಪಾಗಿದ್ದರೂ ಹೇಳಿದವನು ನಂಬಿ ಹೇಳಿದ್ದರೆ ಕಾನೂನು ಅವನನ್ನು ಕಾಯುತ್ತದೆ. ಇಲ್ಲದಿದ್ದರೆ ವರದಿ ಕೈಗೆ ಬರುವವರೆಗೆ ಯಾರೂ ದೂರು ಕೊಡುವಂತಿಲ್ಲ, ದೂರಿಲ್ಲದೆ ಮಾದರಿ ತೆಗೆಯುವವರೂ ಇಲ್ಲ. ಶಾಸಕರ ಪ್ರತಿಯೂ ಬಹುಮಟ್ಟಿಗೆ ಇದೇ ನೆರಳಿನಲ್ಲಿ ಬರುತ್ತದೆ, ಜನರ ದೂರು ಕೇಳುವುದು ಅವರ ಕೆಲಸ.

ಸಂಪಾದಕರಿಗೆ ಹೋದ ಪ್ರತಿಗೆ ಈ ಆಸರೆ ಸುಲಭವಾಗಿ ಸಿಗದು, ಪತ್ರಿಕೆ ಓದುವವರೆಲ್ಲ ಕಲಬೆರಕೆ ತನಿಖೆ ಮಾಡುವವರಲ್ಲ. ಬೀಗರಾಗುವವರಿಗೆ ಹೋದ ಜೆರಾಕ್ಸಿಗಂತೂ ಇಲ್ಲವೇ ಇಲ್ಲ. ಇದಕ್ಕೆ ಹೇಳಿ ಮಾಡಿಸಿದಂಥ ಮೊಕದ್ದಮೆ 1930ರ ವಾಟ್ ವಿರುದ್ಧ ಲಾಂಗ್ಸ್‌ಡನ್. ಕಾಸಾಬ್ಲಾಂಕಾದಲ್ಲಿದ್ದ ಕಂಪನಿಯ ಅಧಿಕಾರಿ ವಾಟ್ ಕುಡಿಯುತ್ತಾನೆ, ಮನೆಗೆಲಸದವಳೊಂದಿಗೆ ಸಂಬಂಧವಿದೆ ಎಂದು ಒಂದು ಕಾಗದ ಬಂತು. ಮಾತು ಸುಳ್ಳು. ಅದನ್ನು ಪಡೆದ ಲಾಂಗ್ಸ್‌ಡನ್ ಕಂಪನಿಯ ಅಧ್ಯಕ್ಷರಿಗೆ ಕಳಿಸಿದ, ವಾಟ್‌ನ ಹೆಂಡತಿಗೂ ತೋರಿಸಿದ. ಅಧ್ಯಕ್ಷರಿಗೆ ಕಳಿಸಿದ್ದಕ್ಕೆ ವಿಶೇಷಾಧಿಕಾರ ಉಂಟು, ಹೆಂಡತಿಗೆ ತೋರಿಸಿದ್ದಕ್ಕೆ ಇಲ್ಲ ಎಂದು ತೀರ್ಪಾಯಿತು. ಅವಳಿಗೆ ಆ ವಿಷಯದಲ್ಲಿ ಹಿತವಿತ್ತು ನಿಜ, ಆದರೆ ಗಂಡ ಹೆಂಡಿರ ನಡುವೆ ಹೋಗಿ, ವಿಚಾರಿಸಿಯೂ ನೋಡದೆ ಅದನ್ನು ಮುಟ್ಟಿಸುವ ಕರ್ತವ್ಯ ಲಾಂಗ್ಸ್‌ಡನ್‌ಗೆ ಇರಲಿಲ್ಲ. ಡಾಕ್ಟರಿಗೂ ಮದುವೆಯ ಮನೆಗೆ ಕಲಬೆರಕೆಯ ಸುದ್ದಿ ಮುಟ್ಟಿಸುವ ಕರ್ತವ್ಯವಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ವಿಶೇಷಾಧಿಕಾರವೂ ಇದೆ. ಶಾಸಕರು ಆ ಪ್ರತಿ ಹಿಡಿದು ವಿಧಾನಸಭೆಯಲ್ಲಿ ಎದ್ದು ನಿಂತು ಗಿರಣಿಯ ಹೆಸರು ಹೇಳಿ ಮಾತಾಡಿದರೆ ಸಂವಿಧಾನದ 194ನೇ ಅನುಚ್ಛೇದ ಅವರನ್ನು ಸಂಪೂರ್ಣವಾಗಿ ಕಾಯುತ್ತದೆ, ಉದ್ದೇಶ ಏನಿತ್ತೆಂದು ಕೋರ್ಟು ಕೇಳುವಂತಿಲ್ಲ. ಸಂಸತ್ತಿಗೆ ಅದೇ ರಕ್ಷಣೆ 105ನೇ ಅನುಚ್ಛೇದದಲ್ಲಿದೆ. ಪುರಿಯ ಶಂಕರಾಚಾರ್ಯರ ಬಗ್ಗೆ ಲೋಕಸಭೆಯಲ್ಲಿ ಆಡಿದ ಮಾತಿನ ಮೇಲೆ ಅವರ ಅನುಯಾಯಿಗಳು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1970ರಲ್ಲಿ ಇದನ್ನು ನಿಸ್ಸಂದಿಗ್ಧವಾಗಿ ಹೇಳಿತು. ಅದೇ ಶಾಸಕರು ಭಾನುವಾರ ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಅದೇ ಮಾತನ್ನು ಆಡಿದರೆ ಆ ಕವಚ ಇಲ್ಲ. ಪುರಸಭೆಯ ಸದಸ್ಯರಿಗೂ ಆ ಸಂಪೂರ್ಣ ಕವಚ ಇಲ್ಲ, ಸಭೆಯಲ್ಲಿ ಆಡಿದ ಮಾತಿಗೆ ಷರತ್ತಿನ ರಕ್ಷಣೆ ಮಾತ್ರ.

ಷರತ್ತು ಎಂದರೆ ಹಗೆ ಇರಬಾರದು. ಮೂರು ರಕ್ಷಣೆಗಳನ್ನು ಬೇರ್ಪಡಿಸಿ ತೋರಿಸಲು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಪರೀಕ್ಷೆ ಇದೇ. ಡಾಕ್ಟರಿಗೂ ಗಿರಣಿ ಯಜಮಾನರಿಗೂ ಹತ್ತು ವರ್ಷದ ಜಾಗದ ಜಗಳವಿದೆ, ಸೇಡಿಗಾಗಿಯೇ ಬರೆದರು ಎಂದು ವಾದಿ ಸಾಬೀತು ಮಾಡಿದ ಎನ್ನಿ. ಪರವಾನಗಿಯ ಮಾತಿಗೆ ಏನೂ ಆಗದು. ಸಿವಿಲ್ ದಾವೆಯಲ್ಲಿ ನಿಜವನ್ನು ಹಗೆಯಿಂದ ಹೇಳಿದರೂ ನಿಜ ನಿಜವೇ. (ಕ್ರಿಮಿನಲ್ ಬದಿಯ ಲೆಕ್ಕ ಬೇರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾತು ನಿಜವಾಗಿದ್ದರಷ್ಟೇ ಸಾಲದು, ಸಾರ್ವಜನಿಕ ಒಳಿತಿಗೂ ಆಗಿರಬೇಕು.) ಕರುಣೆಯ ಟೀಕೆ ಮಾತ್ರ ಹಗೆ ತಾಗಿದ ಕೂಡಲೇ ಬೀಳುತ್ತದೆ, ಅಧಿಕಾರಿಗೆ ಬರೆದ ಅರ್ಜಿಯ ರಕ್ಷಣೆಯೂ ಬೀಳುತ್ತದೆ. ಆದರೆ ಹಗೆಯನ್ನು ತೋರಿಸುವುದು ಸುಲಭವಲ್ಲ. 1974ರ ಹೊರಾಕ್ಸ್ ವಿರುದ್ಧ ಲೋವ್ ಮೊಕದ್ದಮೆಯಲ್ಲಿ ಬೋಲ್ಟನ್ ನಗರಸಭೆಯ ಸದಸ್ಯನೊಬ್ಬ ಪೂರ್ವಗ್ರಹದಲ್ಲಿ ಮುಳುಗಿ ಎದುರಾಳಿಯ ಮೇಲೆ ಹರಿಹಾಯ್ದಿದ್ದ. ಆಡಿದ್ದನ್ನು ಆತ ಮನಸಾರೆ ನಂಬಿದ್ದ ಎಂಬ ಒಂದೇ ಕಾರಣಕ್ಕೆ ಹೌಸ್ ಆಫ್ ಲಾರ್ಡ್ಸ್ ಅವನ ರಕ್ಷಣೆಯನ್ನು ಉಳಿಸಿತು. ಕುರುಡು ನಂಬಿಕೆಗೂ ಕೆಟ್ಟ ಉದ್ದೇಶಕ್ಕೂ ಇರುವ ಅಂತರ ಅದು. ನಮ್ಮ ಕಥೆಯಲ್ಲಿ ಡಾಕ್ಟರ ವಿರುದ್ಧ ಹಗೆಗೆ ಅತಿ ಬಲವಾದ ಸಾಕ್ಷಿ ಜಾಗದ ಜಗಳವಲ್ಲ, ಬೀಗರಿಗೆ ಕಳಿಸಿದ ಆ ಜೆರಾಕ್ಸು. ಅದು ತಾನು ಬೀಳುವುದಲ್ಲದೆ ಉಳಿದ ಪ್ರತಿಗಳನ್ನೂ ಅನುಮಾನಕ್ಕೆ ತಳ್ಳುತ್ತದೆ.

ಇಷ್ಟೆಲ್ಲದರ ಮಧ್ಯೆ ಘಾಟು ಮರೆತುಹೋಗಬಾರದು. ಡಾಕ್ಟರ ನಿಜವಾದ ಸಂಕಟ ಅದು, ಅದಕ್ಕೆ ಉಪದ್ರವದ ದಾವೆ ಬೇರೆಯೇ ಇದೆ. ಇಟ್ಟಿಗೆ ಪುಡಿ ಮಾಡುವ ಯಂತ್ರದ ಧೂಳು ಪಕ್ಕದ ಡಾಕ್ಟರ ದವಾಖಾನೆಗೆ ನುಗ್ಗಿ, ಬಂದವರ ಬಟ್ಟೆಯ ಮೇಲೆ ಕೆಂಪಗೆ ಕೂರುತ್ತಿದ್ದ ಮೊಕದ್ದಮೆಯೊಂದರಲ್ಲಿ ಅಲಹಾಬಾದ್ ಹೈಕೋರ್ಟು 1982ರಲ್ಲಿ ತಡೆಯಾಜ್ಞೆ ಕೊಟ್ಟಿದೆ, ರಾಮ್ ರಾಜ್ ಸಿಂಗ್ ವಿರುದ್ಧ ಬಾಬುಲಾಲ್. ಇಲ್ಲಿ ನೋಡುವುದು ಸಾಮಾನ್ಯ ಮನುಷ್ಯ ಆ ಜಾಗದಲ್ಲಿ ಸಹಿಸಬೇಕಾದದ್ದಕ್ಕಿಂತ ಹೆಚ್ಚಿನ ತೊಂದರೆ ಆಗಿದೆಯೇ ಎಂದು. ಮೆಣಸಿನಕಾಯಿ ಪೇಟೆಯ ನಡುವೆ ದವಾಖಾನೆ ತೆರೆದವರ ದೂರಿಗೂ ಮನೆಗಳ ಓಣಿಯಲ್ಲಿರುವವರ ದೂರಿಗೂ ಒಂದೇ ಅಳತೆಯಲ್ಲ.

ಅಲ್ಲೂ ಹಗೆ ಕೆಲಸ ಮಾಡುತ್ತದೆ, ಎದುರು ದಿಕ್ಕಿನಿಂದ. ನೋಟಿಸು ಜಗಳದ ನಂತರ ಯಜಮಾನರು ದವಾಖಾನೆಯ ಹೊತ್ತಿಗೆ ಸರಿಯಾಗಿ ಕಾಯಿಯಿಲ್ಲದೆ ಬರಿದೇ ಯಂತ್ರ ತಿರುಗಿಸಲು ಶುರುಮಾಡಿದರೆ, ವ್ಯಾಪಾರಕ್ಕೆಂದು ಸಹಿಸಬಹುದಾಗಿದ್ದ ಸದ್ದೇ ಉಪದ್ರವವಾಗುತ್ತದೆ. 1893ರ ಕ್ರಿಸ್ಟಿ ವಿರುದ್ಧ ಡೇವಿ ಮೊಕದ್ದಮೆಯಲ್ಲಿ ಸಂಗೀತ ಪಾಠದಿಂದ ರೇಗಿದ ನೆರೆಯವನು ಗೋಡೆಯಾಚೆಯಿಂದ ತಟ್ಟೆ ಬಡಿದು, ಸಿಳ್ಳೆ ಹಾಕಿ ಕಾಡಿದ. ಪಾಠದ ಸದ್ದು ಉಪದ್ರವವಲ್ಲ, ಕಾಡುವುದಕ್ಕೆಂದೇ ಮಾಡಿದ ಸದ್ದು ಉಪದ್ರವ ಎಂದು ಅವನ ಮೇಲೇ ತಡೆಯಾಜ್ಞೆ ಬಂತು.

ಕೊನೆಗೆ ಇಬ್ಬರಿಗೂ ಗಡಿಯಾರದ ವಿಷಯ ಹೇಳಬೇಕು. ಮಾನನಷ್ಟದ ದಾವೆಗೆ 1963ರ ಕಾಲಮಿತಿ ಕಾಯಿದೆ ಕೊಡುವುದು ಒಂದೇ ವರ್ಷ, ಬರಹವಾದರೆ ಪ್ರಕಟವಾದ ದಿನದಿಂದ. ನೋಟಿಸು, ಮರುನೋಟಿಸು, ಹಿರಿಯರ ಪಂಚಾಯಿತಿ ಎಂದು ಗಿರಣಿ ಯಜಮಾನರು ದಿನ ಕಳೆದರೆ ಅದು ಕೈತಪ್ಪುತ್ತದೆ. ಘಾಟಿಗೆ ಹಾಗಿಲ್ಲ. ಮುಂದುವರಿಯುತ್ತಿರುವ ಉಪದ್ರವಕ್ಕೆ ಅದೇ ಕಾಯಿದೆಯ 22ನೇ ಕಲಮಿನಂತೆ ಪ್ರತಿ ಗಳಿಗೆಯೂ ಹೊಸ ಕಾಲಮಿತಿ ಶುರು. ಯಂತ್ರ ತಿರುಗುತ್ತಿರುವವರೆಗೆ ಡಾಕ್ಟರ ದಾವೆ ಹಳತಾಗುವುದಿಲ್ಲ. ಅವರು ಮೊದಲ ದಿನವೇ ಆ ದಾವೆ ಹೂಡಿದ್ದರೆ ಇಟ್ಟಿಗೆಪುಡಿಯ ಮಾತು ಬರೆಯುವ ಅಗತ್ಯವೇ ಇರಲಿಲ್ಲ.